ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕೇ?

ಕೈಸಾಲ ಕೊಡುವವರು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದು ಕಡಿಮೆ. ‘ತಿಂಗಳಿಗೆ ನೂರಕ್ಕೆ ಎರಡು’ ಅನ್ನುತ್ತಾರೆ. ನಾವು ಅದನ್ನು ಹನ್ನೆರಡರಿಂದ ಗುಣಿಸಿ, ವರ್ಷಕ್ಕೆ ಶೇ 24 ಎಂದುಕೊಳ್ಳುತ್ತೇವೆ. ಹಾಗೆ ಬರೀ ಗುಣಿಸಿ ಪಡೆದ ಈ ದರವೇ ನಾಮಿನಲ್ ದರ. ಬಡ್ಡಿ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಒಂದು ಲಕ್ಷ ರೂಪಾಯಿ ಸಾಲ, ವರ್ಷವಿಡೀ ಏನೂ ಕಟ್ಟಿಲ್ಲ, ತಿಂಗಳ ಬಡ್ಡಿ ಆಯಾ ತಿಂಗಳೇ ಅಸಲಿಗೆ ಸೇರುತ್ತದೆ ಎಂದುಕೊಳ್ಳಿ. ಮೊದಲ ತಿಂಗಳ ಬಡ್ಡಿ 2,000 ರೂಪಾಯಿ. ಎರಡನೇ ತಿಂಗಳು ಬಡ್ಡಿ ಬೀಳುವುದು 1,02,000ದ ಮೇಲೆ, ಹಾಗಾಗಿ ಅದು 2,040. ಹೆಚ್ಚುವರಿ ನಲವತ್ತು ರೂಪಾಯಿ ಬಡ್ಡಿಯ ಮೇಲಿನ ಬಡ್ಡಿ. ಮೂರನೇ ತಿಂಗಳು 2,080 ರೂಪಾಯಿ 80 ಪೈಸೆ.

ಹನ್ನೆರಡು ತಿಂಗಳೂ ಹೀಗೆ ಬರೆಯುತ್ತ ಕೂರಬೇಕಿಲ್ಲ. ಸಾಲ ಪ್ರತಿ ತಿಂಗಳೂ 1.02 ಪಟ್ಟು ಆಗುತ್ತದೆ. 1.02 ಅನ್ನು ಮೂರು ಸಲ ಗುಣಿಸಿದರೆ 1.061208, ಇದು ಮೂರು ತಿಂಗಳದ್ದು. ಅದನ್ನು ಅದರಿಂದಲೇ ಗುಣಿಸಿದರೆ ಆರು ತಿಂಗಳದ್ದು, 1.126162. ಇನ್ನೊಮ್ಮೆ ಹಾಗೆಯೇ ಗುಣಿಸಿದರೆ ವರ್ಷದ್ದು, 1.268242. ಸೂತ್ರದಲ್ಲಿ ಹೇಳುವುದಾದರೆ:

(1 + 0.24/12)^12 − 1 = 0.2682

ಅಂದರೆ ನಿಜವಾದ ವಾರ್ಷಿಕ ದರ, ಬ್ಯಾಂಕಿನವರ ಮಾತಿನಲ್ಲಿ ಎಫೆಕ್ಟಿವ್ ದರ, ಶೇ 26.82. ವರ್ಷದ ಕೊನೆಗೆ ಸಾಲ 1,26,824 ರೂಪಾಯಿ. 24 ಸಾವಿರ ಬಡ್ಡಿ ಎಂದುಕೊಂಡವರ ಲೆಕ್ಕಕ್ಕಿಂತ 2,824 ಹೆಚ್ಚು. ಮೊದಲ ಆರು ತಿಂಗಳ ಬಡ್ಡಿ 12,616 ಆದರೆ, ನಂತರದ ಆರು ತಿಂಗಳದ್ದು 14,208. ದರ ಬದಲಾಗಿಲ್ಲ, ಅಸಲು ಬೆಳೆದಿದೆ.

‘ನಾನು ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತೇನಲ್ಲ, ನನಗೆ ಚಕ್ರಬಡ್ಡಿ ಎಲ್ಲಿ?’ ಎಂದು ಕೇಳಬಹುದು. ನಿಜ, ಅವರು ಕೊಡುವುದು ವರ್ಷಕ್ಕೆ 24 ಸಾವಿರವೇ. ಆದರೆ ತಿಂಗಳಿಗೆ ಎರಡು ಸಾವಿರ ಮೊದಲೇ ಕೈಬಿಟ್ಟು ಹೋಗಿರುತ್ತದೆ. ಸಾಲ ಕೊಟ್ಟವನು ಅದನ್ನು ಅದೇ ದರಕ್ಕೆ ಇನ್ನೊಬ್ಬರಿಗೆ ಕೊಟ್ಟರೆ, ವರ್ಷದ ಕೊನೆಗೆ ಅವನ ಬಳಿ ಕೂಡುವ ಮೊತ್ತ ಮತ್ತೆ 1,26,824.

ಉಲ್ಟಾ ಲೆಕ್ಕದಲ್ಲಿ ಎಡವುವವರೂ ಇದ್ದಾರೆ. ಎಫೆಕ್ಟಿವ್ ದರ ಗೊತ್ತಿದ್ದು ತಿಂಗಳ ದರ ಬೇಕಾದರೆ ಹನ್ನೆರಡರಿಂದ ಭಾಗಿಸಬಾರದು. 26.82ನ್ನು ಭಾಗಿಸಿದರೆ 2.235 ಬರುತ್ತದೆ, ಅದು ತಪ್ಪು. 1.2682ರ ಹನ್ನೆರಡನೇ ಮೂಲ ತೆಗೆದು, ಅದರಿಂದ ಒಂದು ಕಳೆಯಬೇಕು. ಆಗ ಮತ್ತೆ ಶೇ 2 ಸಿಗುತ್ತದೆ.

ಇಬ್ಬರು ಸಾಲ ಕೊಡಲು ಮುಂದೆ ಬಂದಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಬ್ಬರದು ಶೇ 24, ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಇನ್ನೊಬ್ಬರದು ಶೇ 26, ವರ್ಷಕ್ಕೊಮ್ಮೆ ಮಾತ್ರ. ಬೇರೆ ಶುಲ್ಕ ಏನೂ ಇಲ್ಲದೆ, ವರ್ಷದ ಕೊನೆಗೆ ಒಟ್ಟಿಗೆ ತೀರಿಸುವುದಾದರೆ ಎರಡನೆಯದೇ ಅಗ್ಗ, ಲಕ್ಷಕ್ಕೆ 824 ರೂಪಾಯಿ.