ಲಿಂಟಲ್ ಪಟ್ಟಿ ಮೂಲೆಯಲ್ಲಿ ತುಂಡಾಗಬಾರದು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಭೂಕಂಪದ ಪ್ರಮಾಣ 6.2. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಸೇರುವಂಥದ್ದೇನಲ್ಲ. ಆದರೂ ಸಾವಿರಾರು ಜನ ಸತ್ತರು. ಅವರಲ್ಲಿ ಬಹುತೇಕರನ್ನು ಕೊಂದದ್ದು ಅವರವರ ಮನೆಯ ಗೋಡೆ ಮತ್ತು ಮಾಳಿಗೆ. ಮಣ್ಣಿನಲ್ಲಿ ಕಟ್ಟಿದ ಎರಡಡಿ ದಪ್ಪದ ಕಲ್ಲುಗೋಡೆ, ಅದರ ಮೇಲೆ ತೊಲೆ ಹಲಗೆ, ಹಲಗೆಯ ಮೇಲೆ ವರ್ಷದಿಂದ ವರ್ಷಕ್ಕೆ ಹೇರಿದ ಮಣ್ಣು. ಬೀದರ್, ಕಲಬುರಗಿ ಕಡೆಯವರಿಗೆ ಈ ಮನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಿಲ್ಲಾರಿಯಲ್ಲಿ ಒಂದು ಕಟ್ಟಡ ಹೆಚ್ಚೇನೂ ಹಾನಿಯಾಗದೆ ನಿಂತಿತ್ತು. ಅದಕ್ಕೂ ಕಂಬಗಳ ಚೌಕಟ್ಟು ಇರಲಿಲ್ಲ, ಗೋಡೆಯೇ ಭಾರ ಹೊರುವ ಕಟ್ಟಡ ಅದು. ಆದರೆ ಅದರ ಬಾಗಿಲು ಕಿಟಕಿಗಳ ತಲೆಮಟ್ಟದಲ್ಲಿ ಕಾಂಕ್ರೀಟಿನ ಪಟ್ಟಿಯೊಂದು ಗೋಡೆಗಳನ್ನು ಸುತ್ತುವರಿದಿತ್ತು. ಕಾನ್ಪುರ ಐಐಟಿಯಲ್ಲಿದ್ದ ಸಿ.ವಿ.ಆರ್. ಮೂರ್ತಿಯವರು ಸಾಮಾನ್ಯ ಓದುಗರಿಗಾಗಿ ಬರೆದ ಭೂಕಂಪ ಟಿಪ್ಪಣಿಗಳಲ್ಲಿ ಈ ಕಟ್ಟಡವನ್ನು ಉದಾಹರಿಸಿದ್ದಾರೆ. ಆ ಲಿಂಟಲ್ ಪಟ್ಟಿ ಏನು ಮಾಡಿತು ಎಂಬುದು ತಿಳಿದರೆ ಸಣ್ಣ ಮನೆಯ ಭೂಕಂಪ ರಕ್ಷಣೆಯ ಮುಕ್ಕಾಲು ಭಾಗ ತಿಳಿದ ಹಾಗೆ.

ನೆಲ ಅಲುಗಿದಾಗ ಮನೆಯ ನಾಲ್ಕೂ ಗೋಡೆಗಳ ಪಾಡು ಒಂದೇ ಆಗಿರುವುದಿಲ್ಲ. ನೆಲ ಪೂರ್ವ ಪಶ್ಚಿಮವಾಗಿ ಓಲಾಡುತ್ತಿದೆ ಎಂದುಕೊಳ್ಳಿ. ಪೂರ್ವ ಪಶ್ಚಿಮಕ್ಕೆ ಚಾಚಿದ ಗೋಡೆಗಳನ್ನು ಈ ಅಲುಗಾಟ ಉದ್ದಕ್ಕೆ ತಳ್ಳುತ್ತದೆ, ಆ ದಿಕ್ಕಿನಲ್ಲಿ ಅವು ಬಲು ಗಟ್ಟಿ. ಉತ್ತರ ದಕ್ಷಿಣಕ್ಕೆ ನಿಂತ ಗೋಡೆಗಳಿಗೆ ಏಟು ಬೀಳುವುದು ಮುಖಕ್ಕೆ. ಒಂಬತ್ತು ಇಂಚು ದಪ್ಪ, ಹತ್ತಡಿ ಎತ್ತರದ ಇಟ್ಟಿಗೆ ಗೋಡೆ ಮುಖದ ಮೇಲಿನ ತಳ್ಳಾಟವನ್ನು ಹೆಚ್ಚು ತಾಳಲಾರದು. ಮೊದಲು ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಬಿರುಕು ಬಿಟ್ಟು ಪಕ್ಕದ ಗೋಡೆಯಿಂದ ಬೇರೆಯಾಗುತ್ತದೆ, ಆಮೇಲೆ ಹೊರಕ್ಕೆ ಮಗುಚುತ್ತದೆ. ಆಸರೆ ಹೋದ ಮಾಳಿಗೆ ಒಳಕ್ಕೆ ಕುಸಿಯುತ್ತದೆ. ಲಿಂಟಲ್ ಪಟ್ಟಿ ಮಾಡುವ ಕೆಲಸ ಇಷ್ಟೇ: ಮುಖಕ್ಕೆ ಏಟು ತಿನ್ನುತ್ತಿರುವ ಗೋಡೆಯನ್ನು ಉದ್ದಕ್ಕೆ ಏಟು ತಿನ್ನುತ್ತಿರುವ ಗೋಡೆಗೆ ಹಿಡಿದು ಕಟ್ಟುತ್ತದೆ. ಅಲುಗಾಟದ ದಿಕ್ಕು ಬದಲಾದರೆ ಆಸರೆ ಕೊಡುವ ಗೋಡೆ, ಪಡೆಯುವ ಗೋಡೆ ಅದಲುಬದಲಾಗುತ್ತವೆ. ಪಟ್ಟಿ ಎರಡಕ್ಕೂ ಇದ್ದೇ ಇರುತ್ತದೆ. ಹತ್ತಡಿ ಎತ್ತರದ ಗೋಡೆಗೆ ಏಳಡಿಯಲ್ಲಿ ಒಂದು ಹಿಡಿತ ಸಿಕ್ಕಿದರೆ, ಅದು ಆಸರೆಯಿಲ್ಲದೆ ನಿಲ್ಲಬೇಕಾದ ಎತ್ತರವೂ ತಗ್ಗುತ್ತದೆ.

ಪ್ಲಿಂತ್ ಪಟ್ಟಿಯ ಕೆಲಸ ಬೇರೆ. ಪಾಯ ಮುಗಿದು ಗೋಡೆ ಏಳುವ ಮಟ್ಟದಲ್ಲಿ ಇದು ಇಡೀ ಮನೆಯ ಅಡಿಯನ್ನು ಬಿಗಿಯುತ್ತದೆ. ಗಟ್ಟಿ ಬಂಡೆಯ ಮೇಲೆ ಪಾಯ ಕೂತಿದ್ದರೆ ಇದರ ಅಗತ್ಯ ಕಡಿಮೆ. ಮೆತ್ತನೆ ನೆಲವಿದ್ದರೆ, ಪಾಯದ ಆಳ ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ, ಇದು ಬೇಕೇ ಬೇಕು. ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಮನೆ ಕಟ್ಟುವವರಿಗೆ ಭೂಕಂಪ ಬರಲಿ ಬಿಡಲಿ ಈ ಪಟ್ಟಿಯ ಉಪಯೋಗವಿದೆ. ದಟ್ಟವಾಗಿ ಹಾಕಿದ ಕಾಂಕ್ರೀಟಾದರೆ ನೆಲದ ತೇವ ಗೋಡೆಗೆ ಏರುವುದನ್ನೂ ತಡೆಯುತ್ತದೆ.

ಒಂದು ಮನೆಯನ್ನೇ ಲೆಕ್ಕ ಹಾಕಿ ನೋಡೋಣ. ವಿಜಯಪುರದ ಕಡೆ ಒಂದಂತಸ್ತಿನ ಇಟ್ಟಿಗೆ ಮನೆ. 26 ಅಡಿ ಉದ್ದ, 16 ಅಡಿ ಅಗಲ, ಗೋಡೆ ಒಂಬತ್ತು ಇಂಚು, ನಡುವೆ ಅಡ್ಡಗೋಡೆ ಒಂದು, ಮೇಲೆ ಆರ್‌ಸಿಸಿ ಸ್ಲ್ಯಾಬ್. 2002ರಲ್ಲಿ ಪರಿಷ್ಕರಿಸಿದ ಭೂಕಂಪ ನಕ್ಷೆಯಲ್ಲಿ ವಿಜಯಪುರ ಇದ್ದದ್ದು 3ನೇ ವಲಯದಲ್ಲಿ. ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರೂ ಹಾಗೆಯೇ. ಭಾರತೀಯ ಮಾನಕ ಐಎಸ್ 4326ರ ಪ್ರಕಾರ, ಎರಡು ಅಡ್ಡಗೋಡೆಗಳ ನಡುವಿನ ಅಂತರ ಐದು ಮೀಟರಿನೊಳಗಿದ್ದರೆ ಇಂಥ ಮನೆಯ ಪಟ್ಟಿಗೆ 8 ಮಿ.ಮೀ. ಕಂಬಿ ಎರಡು ಸಾಕು. ಪಟ್ಟಿಯ ದಪ್ಪ ಕನಿಷ್ಠ ಮೂರು ಇಂಚು, ಅಗಲ ಗೋಡೆಯಷ್ಟೇ. ಎರಡು ಕಂಬಿಗಳನ್ನು ಜೋಡಿಸಿ ಹಿಡಿಯಲು ಆರಾರು ಇಂಚಿಗೆ ಒಂದರಂತೆ 6 ಮಿ.ಮೀ. ಅಡ್ಡಕಂಬಿ.

ಹೊರಗೋಡೆಗಳ ಸುತ್ತಳತೆ 84 ಅಡಿ. ಅಡ್ಡಗೋಡೆ ಸೇರಿಸಿದರೆ ಪಟ್ಟಿಯ ಒಟ್ಟು ಉದ್ದ ಹತ್ತಿರ ಹತ್ತಿರ 100 ಅಡಿ. ಜೋಡಣೆಯಲ್ಲಿ ಒಂದರ ಮೇಲೊಂದು ಬರುವ ಭಾಗವನ್ನೂ ಸೇರಿಸಿ 8 ಮಿ.ಮೀ. ಕಂಬಿ 220 ಅಡಿ ಬೇಕು, ತೂಕ ಸುಮಾರು 27 ಕಿಲೋ. ಅಡ್ಡಕಂಬಿಗಳು ಇನ್ನೂರು, ಅವು 11 ಕಿಲೋ. ಕಾಂಕ್ರೀಟು 19 ಘನ ಅಡಿ, ಅದಕ್ಕೆ ಸಿಮೆಂಟು ನಾಲ್ಕೂವರೆ ಚೀಲ. ಪ್ಲಿಂತ್ ಮತ್ತು ಲಿಂಟಲ್ ಎರಡೂ ಪಟ್ಟಿ ಸೇರಿ ಮುಕ್ಕಾಲು ಕ್ವಿಂಟಲ್ ಕಬ್ಬಿಣ, ಒಂಬತ್ತು ಚೀಲ ಸಿಮೆಂಟು. ಇದರಲ್ಲೂ ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ತುಂಡುಗಳನ್ನು ಹೇಗಿದ್ದರೂ ಹಾಕಲೇಬೇಕು, ನಿಜವಾಗಿ ಹೆಚ್ಚಿಗೆ ಬೀಳುವುದು ಆ ತುಂಡುಗಳ ನಡುವಿನ ಭಾಗ ಮಾತ್ರ. ಆದರೆ ಬಾಗಿಲಿನ ಮೇಲೆ ಬರುವ ಕಡೆ ಪಟ್ಟಿಯ ಎರಡು ಕಂಬಿಯನ್ನೇ ನಂಬಬಾರದು. ಮೇಲಿನ ಗೋಡೆಯ ಭಾರ ಹೊರಲು ಲಿಂಟಲಿಗೆ ಬೇಕಾದ ದಪ್ಪವನ್ನೂ ಕಂಬಿಯನ್ನೂ ಅಲ್ಲಿ ಪ್ರತ್ಯೇಕವಾಗಿ ಕೊಡಬೇಕು.

ಇಷ್ಟು ಕೊಟ್ಟೂ ಕೆಲಸ ಕೆಡುವುದು ಮೂಲೆಯಲ್ಲಿ. ಚಕ್ಕಡಿಯ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ಒಂದೇ ಒಂದು ಕಡೆ ಕತ್ತರಿಸಿದರೂ ಗಾಲಿಯ ಮರವನ್ನು ಹಿಡಿದಿಡಲಾರದು. ಲಿಂಟಲ್ ಪಟ್ಟಿಯೂ ಹಾಗೆಯೇ. ನಮ್ಮಲ್ಲಿ ಎಷ್ಟೋ ಕಡೆ ಒಂದು ಗೋಡೆಯ ಕಂಬಿಯನ್ನು ಮೂಲೆಯವರೆಗೆ ತಂದು ನಿಲ್ಲಿಸಿ, ಪಕ್ಕದ ಗೋಡೆಯ ಕಂಬಿಯನ್ನು ಅದಕ್ಕೆ ಆನಿಸಿ, ತಂತಿಯಲ್ಲಿ ಎರಡು ಸುತ್ತು ಕಟ್ಟಿ ಕಾಂಕ್ರೀಟು ಸುರಿಯುತ್ತಾರೆ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಹೊರಗಿನಿಂದ ನೋಡಿದರೆ ಪಟ್ಟಿ ಅಖಂಡವಾಗಿಯೇ ಕಾಣುತ್ತದೆ. ಆದರೆ ಗೋಡೆಗಳು ಒಂದನ್ನೊಂದು ಬಿಟ್ಟು ಸರಿಯುವುದೇ ಮೂಲೆಯಲ್ಲಿ. ಅಲ್ಲಿ ಕಂಬಿ ಹಾಯ್ದು ಹೋಗಿಲ್ಲದಿದ್ದರೆ ಉಳಿದ 100 ಅಡಿ ಕಬ್ಬಿಣ ಯಾವ ಉಪಯೋಗಕ್ಕೂ ಬರುವುದಿಲ್ಲ.

ಸರಿಯಾದ ಕ್ರಮ ಕಷ್ಟದ್ದಲ್ಲ. ಹೊರಬದಿಯ ಕಂಬಿ ಮೂಲೆಯನ್ನು ಸುತ್ತಿ ಪಕ್ಕದ ಗೋಡೆಯ ಹೊರಬದಿಗೆ ಹೋಗಬೇಕು. ಜೋಡಣೆ ಮೂಲೆಯಿಂದ ಆಚೆ, ಗೋಡೆಯ ನೇರ ಭಾಗದಲ್ಲಿ ಬರಬೇಕು, ಎರಡು ಕಂಬಿಗಳು ಒಂದೂವರೆ ಅಡಿ ಜೊತೆಯಾಗಿ ಸಾಗಬೇಕು. ಒಳಬದಿಯ ಕಂಬಿಯ ವಿಷಯದಲ್ಲಿ ಅನುಭವಿ ಬಾರ್ ಬೆಂಡರುಗಳೂ ಎಡವುತ್ತಾರೆ. ಅದನ್ನು ಒಳಮೂಲೆಯಲ್ಲಿಯೇ ಮಡಚುವುದು ಸಹಜವೆಂದು ತೋರುತ್ತದೆ. ಆದರೆ ಗೋಡೆಗಳು ಎಳೆದಾಡಿದಾಗ ಹಾಗೆ ಮಡಚಿದ ಕಂಬಿ ನೆಟ್ಟಗಾಗಲು ನೋಡುತ್ತದೆ, ಒಳಮೂಲೆಯ ಕಾಂಕ್ರೀಟನ್ನು ಒಡೆದುಕೊಂಡು ಹೊರಬರುತ್ತದೆ. ಆದ್ದರಿಂದ ಒಳಕಂಬಿಯನ್ನು ಮೂಲೆಯಲ್ಲಿ ನೇರವಾಗಿ ಮುಂದಕ್ಕೆ ಹಾಯಿಸಿ, ಎದುರಿನ ಹೊರಬದಿಯವರೆಗೆ ಒಯ್ದು, ಅಲ್ಲಿ ಮಡಚಿ ಆ ಗೋಡೆಯ ಹೊರಕಂಬಿಯ ಜೊತೆ ಸೇರಿಸಬೇಕು. ಅಡ್ಡಗೋಡೆ ಬಂದು ಸೇರುವ ಕಡೆಯೂ ಇದೇ ನಿಯಮ: ಅದರ ಎರಡು ಕಂಬಿಗಳು ಉದ್ದಗೋಡೆಯ ಹೊರಕಂಬಿಯವರೆಗೆ ಹೋಗಿ ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಬೇಕು.

ಇದನ್ನು ಪರೀಕ್ಷಿಸಲು ಮನೆಯ ಯಜಮಾನರಿಗೆ ಇಂಜಿನಿಯರಿಂಗ್ ಗೊತ್ತಿರಬೇಕಾಗಿಲ್ಲ. ಕಾಂಕ್ರೀಟು ಸುರಿಯುವ ಮುಂಚೆ ಗೋಡೆ ಹತ್ತಿ ಯಾವುದಾದರೂ ಒಂದು ಕಂಬಿಯ ಮೇಲೆ ಬೆರಳಿಟ್ಟು ಮನೆಯನ್ನು ಒಂದು ಸುತ್ತು ಬನ್ನಿ. ಬೆರಳು ಎಲ್ಲೂ ಕಂಬಿ ಬಿಟ್ಟು ಮೇಲೇಳಬಾರದು. ಮೆಟ್ಟಿಲ ಕಿಟಕಿ ಎತ್ತರದಲ್ಲಿದೆ ಎಂದು, ಅಡುಗೆಮನೆಯ ಕಿಟಕಿ ಗಿಡ್ಡ ಎಂದು ಪಟ್ಟಿಯನ್ನು ಅಲ್ಲಲ್ಲಿ ತುಂಡರಿಸಿ ಮೇಲೆ ಕೆಳಗೆ ಮಾಡಿರುತ್ತಾರೆ. ಅದು ಸಲ್ಲದು. ಕಿಟಕಿಯ ತಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವುದನ್ನು ನಕ್ಷೆ ಬರೆಯುವಾಗಲೇ ತೀರ್ಮಾನಿಸಬೇಕು. ಕಂಬಿ ಇಟ್ಟಿಗೆಯ ಮೇಲೆ ಮಲಗಿದೆಯೋ, ಕವರ್ ಬ್ಲಾಕಿನ ಮೇಲೆ ಇಂಚಿನಷ್ಟು ಎದ್ದು ನಿಂತಿದೆಯೋ ಎಂಬುದನ್ನೂ ಆಗಲೇ ನೋಡಿಬಿಡಿ. ಇಟ್ಟಿಗೆಗೆ ತಾಗಿದ ಕಂಬಿಗೆ ಬೇಗ ತುಕ್ಕು ಹಿಡಿಯುತ್ತದೆ. ದಿನದ ಕೆಲಸ ನಿಲ್ಲಿಸಬೇಕಾಗಿ ಬಂದರೆ ಗೋಡೆಯ ನಡುವೆ ನಿಲ್ಲಿಸಲಿ, ಮೂಲೆಯಲ್ಲಿ ಬೇಡ.

ಮೂಲೆಯ ಇನ್ನೊಂದು ಬಲವರ್ಧನೆ ನಿಲುವುಗಂಬಿ. ಅಲುಗಾಟದಲ್ಲಿ ಬಾಗಿಲು ಕಿಟಕಿಗಳ ನಡುವಿನ ಗೋಡೆಯ ತುಂಡುಗಳು ಒಂದು ಬದಿಯ ಮೇಲೆ ಎದ್ದು ತೂಗುತ್ತವೆ, ಅವುಗಳನ್ನು ಕೆಳಕ್ಕೆ ಹಿಡಿದಿಡಲು ಅಡ್ಡ ಪಟ್ಟಿಗೆ ಆಗದು. ಪಾಯದಿಂದ ಹೊರಟು ಪ್ಲಿಂತ್ ಪಟ್ಟಿ, ಲಿಂಟಲ್ ಪಟ್ಟಿಗಳನ್ನು ಹಾಯ್ದು ಸ್ಲ್ಯಾಬಿನಲ್ಲಿ ಮಡಚಿ ನಿಲ್ಲುವ ಒಂದೇ ಕಂಬಿ ಆ ಕೆಲಸ ಮಾಡುತ್ತದೆ. ಒಂದಂತಸ್ತಿನ ಸಾಧಾರಣ ಮನೆಗೆ ಮಾನಕ ಇದನ್ನು ಕಡ್ಡಾಯ ಮಾಡಿರುವುದು 4 ಮತ್ತು 5ನೇ ವಲಯಗಳಲ್ಲಿ. 3ನೇ ವಲಯದಲ್ಲೂ ಹಾಕಿಸಿ ಎನ್ನುವುದು ನನ್ನ ಮಾತು. ನಮ್ಮ ಲೆಕ್ಕದ ಮನೆಗೆ ನಾಲ್ಕು ಮೂಲೆ, ಎರಡು ಕೂಡುಗೋಡೆ ಸೇರಿ 10 ಮಿ.ಮೀ. ಕಂಬಿ ಆರು ಸಾಕು, 18 ಕಿಲೋ ಆಗುತ್ತದೆ. ಲಾತೂರ್ ಕೂಡ 1993ರವರೆಗೆ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಮೊದಲನೇ ವಲಯದಲ್ಲಿತ್ತು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮೇಲಿಂದ ಮೇಲೆ ಬಂದ ಸಣ್ಣ ಕಂಪನಗಳಿಗೆ ಹೆದರಿ ಮನೆಯ ಹೊರಗೆ ಮಲಗಿದ್ದರು. ಹದಿನೆಂಟು ಕಿಲೋ ಕಬ್ಬಿಣ ಅಂಥ ರಾತ್ರಿಗಳ ಮುಂದೆ ದೊಡ್ಡದಲ್ಲ.

ನಿಲುವುಗಂಬಿಯನ್ನು ಆಮೇಲೆ ನೆನಪಿಸಿಕೊಂಡು ಹಾಕಲಾಗದು, ಪಾಯ ತೆಗೆದ ದಿನವೇ ನಿಲ್ಲಿಸಬೇಕು. ಇಟ್ಟಿಗೆ ಕಟ್ಟುವಾಗ ಅದರ ಸುತ್ತ ಖಾಲಿ ಜಾಗ ಬಿಟ್ಟು, ಕೆಲವು ವರಸೆ ಏರಿದಂತೆಲ್ಲ ಕಾಂಕ್ರೀಟು ತುಂಬುತ್ತ ಹೋಗಬೇಕು. ಕಲ್ಲುಗೋಡೆಯಾದರೆ ಮೂರಿಂಚಿನ ಪೈಪೊಂದನ್ನು ಕಂಬಿಗೆ ತೊಡಿಸಿ ಸುತ್ತ ಗೋಡೆ ಕಟ್ಟುತ್ತಾರೆ. ಗೋಡೆ ಏರಿದ ಹಾಗೆ ಪೈಪನ್ನು ತಿರುಗಿಸುತ್ತ ಮೇಲಕ್ಕೆಳೆದು, ಬಿಟ್ಟ ತೂತಿಗೆ ಕಾಂಕ್ರೀಟು ಸುರಿಯುತ್ತಾರೆ.

ಪಟ್ಟಿ ಕಟ್ಟಿದ ಮಾತ್ರಕ್ಕೆ ಕೆಟ್ಟ ಗೋಡೆ ಒಳ್ಳೆಯದಾಗುವುದಿಲ್ಲ. ಕಿಲ್ಲಾರಿಯ ದಪ್ಪ ಗೋಡೆಗಳಲ್ಲಿ ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿತ್ತು. ಅಲುಗಿದಾಗ ಎರಡು ಸಾಲುಗಳೂ ಬೇರೆಯಾಗಿ ಒಂದೊಂದು ದಿಕ್ಕಿಗೆ ಬಿದ್ದವು. ಅಂಥ ಗೋಡೆಗೆ ಒಂದು ಮೈಯಿಂದ ಇನ್ನೊಂದು ಮೈವರೆಗೆ ಹಾಯುವ ಉದ್ದ ಕಲ್ಲುಗಳು ಎರಡಡಿ ಎತ್ತರಕ್ಕೊಂದು, ನಾಲ್ಕಡಿ ಉದ್ದಕ್ಕೊಂದರಂತೆ ಬೇಕು, ದಪ್ಪ ಒಂದೂವರೆ ಅಡಿ ಮೀರಬಾರದು. ಮೂಲೆಗೇ ಅಂಟಿಸಿ ಕಿಟಕಿ ಇಟ್ಟರೂ ಪಟ್ಟಿಯ ಶ್ರಮ ವ್ಯರ್ಥ, ಕನಿಷ್ಠ ಒಂದೂವರೆ ಅಡಿ ಗೋಡೆಯನ್ನು ಮೂಲೆಯಲ್ಲಿ ಬಿಡಿ. ಮೇಲೆ ಸ್ಲ್ಯಾಬಿನ ಬದಲು ಹಂಚು ಅಥವಾ ತಗಡು ಬರುವುದಾದರೆ ಗೋಡೆಯ ನೆತ್ತಿಗೂ, ತ್ರಿಕೋನವಾಗಿ ಏರುವ ಪಕ್ಕದ ಗೋಡೆಗೂ ಇಂಥದೇ ಪಟ್ಟಿ ಬೇಕು. ಸ್ಲ್ಯಾಬಿದ್ದರೆ ಅದೇ ಆ ಕೆಲಸ ಮಾಡುತ್ತದೆ.

ಈಗಾಗಲೇ ಕಟ್ಟಿಕೊಂಡ ಮನೆಯವರಿಗೂ ದಾರಿಯಿದೆ. ಲಿಂಟಲಿನ ತುಸು ಮೇಲೆ ಪ್ಲಾಸ್ಟರ್ ಕಿತ್ತು, ಸಂದುಗಳ ಗಾರೆ ಕೆರೆದು, ಬೆಸುಗೆ ಹಾಕಿದ ತಂತಿಜಾಲರಿಯನ್ನು ಗೋಡೆಯ ಒಳಗೂ ಹೊರಗೂ ಪಟ್ಟಿಯಾಗಿ ಮೊಳೆ ಹೊಡೆದು ಕೂರಿಸಿ, ಸಿಮೆಂಟು ಗಾರೆ ಮೆತ್ತುತ್ತಾರೆ. ಎರಡೂ ಬದಿಯ ಜಾಲರಿಯನ್ನು ಗೋಡೆಯ ಮೂಲಕ ಕಂಬಿ ತೂರಿಸಿ ಜೋಡಿಸಬೇಕು. ಮೂಲೆಯಲ್ಲಿ ಜಾಲರಿಯನ್ನು ಕತ್ತರಿಸದೆ ಮಡಚಿ ಪಕ್ಕದ ಗೋಡೆಗೆ ಒಯ್ಯಬೇಕು. ಕೆಲಸ ನಡೆಯುವಾಗ ಹತ್ತಿರ ನಿಂತು ಆ ಮಡಿಕೆಯೊಂದನ್ನು ನೋಡಿಕೊಳ್ಳಿ.