ರಜೆ ದಿನದ ಡ್ಯೂಟಿ: ದುಡ್ಡೋ, ಇನ್ನೊಂದು ರಜೆಯೋ?

ನವೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ಸರ್ಕಲ್ಲುಗಳಲ್ಲಿ ಹಳದಿ-ಕೆಂಪು ಬಾವುಟ ಏರುವ ಹೊತ್ತಿಗೆ ದರ್ಶಿನಿಗಳ ದೋಸೆ ಕಾವಲಿ ಕಾದು ಎಷ್ಟೋ ಹೊತ್ತಾಗಿರುತ್ತದೆ. ರಾಜ್ಯೋತ್ಸವದ ದಿನ ಹೋಟೆಲಿಗೆ ಜನ ಜಾಸ್ತಿ, ಕೆಲಸದವರಿಗೆ ರಜೆ ಕಡಿಮೆ. ಪೆಟ್ರೋಲ್ ಬಂಕು, ಮಾಲ್, ಸೆಕ್ಯುರಿಟಿ ಏಜೆನ್ಸಿ, ಅಮೆರಿಕದ ಗಿರಾಕಿಗಳಿಗೆ ಸೇವೆ ಕೊಡುವ ಐಟಿ ಕಂಪನಿ, ಎಲ್ಲ ಕಡೆಯೂ ಇದೇ ಕಥೆ. ಸರ್ಕಾರಿ ಕಚೇರಿಗೆ ಬೀಗ ಬಿದ್ದ ದಿನ ಇವರು ಹಾಜರಿ ಹಾಕುತ್ತಾರೆ. ತಿಂಗಳ ಕೊನೆಯಲ್ಲಿ ಮಾತು ಶುರುವಾಗುತ್ತದೆ: ಡಬಲ್ ಪೇಮೆಂಟೋ, ಕಾಂಪ್ ಆಫೋ?

ಬಹುಪಾಲು ಕಡೆ ಇದನ್ನು ತೀರ್ಮಾನಿಸುವುದು ಮಾಲೀಕರು ಅಥವಾ ಎಚ್‌ಆರ್‌ನವರು. ಕರ್ನಾಟಕದ ಕಾನೂನು ಮಾತ್ರ ಆ ಅಧಿಕಾರವನ್ನು ಕೆಲಸಗಾರನ ಕೈಗೆ ಕೊಟ್ಟಿದೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರದ್ದು. ಹೆಸರಿನಲ್ಲಿ ‘ಕೈಗಾರಿಕಾ’ ಎಂದಿದ್ದರೂ ಕಾರ್ಖಾನೆಗಳ ಜೊತೆಗೆ ತೋಟಗಳು, ಅಂಗಡಿಗಳು, ವಾಣಿಜ್ಯ ಸಂಸ್ಥೆಗಳು ಕೂಡ ಇದರೊಳಗೆ ಬರುತ್ತವೆ. ವರ್ಷಕ್ಕೆ ಸಂಬಳಸಹಿತ ಹತ್ತು ರಜೆ. ಅದರಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಅಲುಗಾಡುವಂತಿಲ್ಲ. ಉಳಿದ ಐದು ಹಬ್ಬಗಳು ಯಾವುವು ಎನ್ನುವುದನ್ನು ಆಡಳಿತದವರೂ ಕೆಲಸಗಾರರೂ ಕೂತು ಗೊತ್ತುಮಾಡಿಕೊಳ್ಳಬೇಕು.

ಆ ಹತ್ತರಲ್ಲಿ ಯಾವುದೇ ದಿನ ಕೆಲಸ ಮಾಡಿಸಿಕೊಂಡರೆ ಎರಡು ದಾರಿ. ಒಂದು, ಆ ದಿನಕ್ಕೆ ಎರಡರಷ್ಟು ಕೂಲಿ. ಇನ್ನೊಂದು, ಆ ದಿನದ ಮಾಮೂಲಿ ಕೂಲಿ ಮತ್ತು ಅದಕ್ಕೆ ಬದಲಾಗಿ ಬೇರೊಂದು ದಿನ ಸಂಬಳಸಹಿತ ರಜೆ. ಎರಡರಲ್ಲಿ ಯಾವುದು ಬೇಕೆಂದು ಹೇಳುವವನು ಕೆಲಸ ಮಾಡಿದವನೇ. ‘ನಮ್ಮ ಕಂಪನಿಯಲ್ಲಿ ಕಾಂಪ್ ಆಫ್ ಮಾತ್ರ’ ಎಂಬ ಪಾಲಿಸಿ ಎಷ್ಟೇ ಅಚ್ಚುಕಟ್ಟಾಗಿ ಅಚ್ಚಾಗಿದ್ದರೂ ಆ ಆಯ್ಕೆಯನ್ನು ಕಿತ್ತುಕೊಳ್ಳುವಂತಿಲ್ಲ.

ಗೊಂದಲ ಹುಟ್ಟುವುದು ‘ಎರಡರಷ್ಟು’ ಎಂಬಲ್ಲಿ. ದರ್ಶಿನಿಯ ದೋಸೆ ಭಟ್ಟರೊಬ್ಬರ ತಿಂಗಳ ಸಂಬಳ 18,200 ರೂಪಾಯಿ ಎಂದಿಟ್ಟುಕೊಳ್ಳೋಣ. ವಾರದ ರಜೆ ಕಳೆದು 26 ದಿನಕ್ಕೆ ಹಂಚಿದರೆ ದಿನಕ್ಕೆ 700. ರಾಜ್ಯೋತ್ಸವದ ದಿನ ಅವರು ದುಡಿದರು, ದುಡ್ಡೇ ಬೇಕು ಎಂದರು. ಆ ತಿಂಗಳು ಅವರ ಕೈಗೆ ಎಷ್ಟು ಬರಬೇಕು? ಭಟ್ಟರು 19,600 ಎಂದುಕೊಂಡಿರುತ್ತಾರೆ, ಏಕೆಂದರೆ ಡಬಲ್ ಎಂದರೆ 1,400. ಮಾಲೀಕರು ‘ತಿಂಗಳ ಸಂಬಳದಲ್ಲಿ ಎಲ್ಲಾ ಸೇರಿದೆ’ ಎಂದು 18,200 ಕೊಟ್ಟು ಕೈತೊಳೆದುಕೊಳ್ಳಲು ನೋಡುತ್ತಾರೆ. ಲೆಕ್ಕ ಎರಡೂ ತಪ್ಪು. ನವೆಂಬರ್ 1 ಸಂಬಳಸಹಿತ ರಜೆಯಾದ್ದರಿಂದ ಅದರ 700 ರೂಪಾಯಿ ತಿಂಗಳ ಸಂಬಳದಲ್ಲಿ ಆಗಲೇ ಸೇರಿದೆ. ಎರಡರಷ್ಟು ಆಗಬೇಕಾದರೆ ಇನ್ನೂ 700 ಸೇರಬೇಕು, ಒಟ್ಟು 18,900. ರಜೆಯೇ ಬೇಕು ಎಂದಿದ್ದರೆ 18,200 ಸಂಬಳ, ಜೊತೆಗೆ ಸಂಬಳ ಕಡಿತವಿಲ್ಲದ ಒಂದು ದಿನ ಮನೆಯಲ್ಲಿ.

ದಿನಗೂಲಿಯವರ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. ಅವರು ರಾಜ್ಯೋತ್ಸವದ ದಿನ ಮನೆಯಲ್ಲೇ ಇದ್ದರೂ 700 ಬರಬೇಕು, ಬಂದು ದುಡಿದರೆ 1,400. ಆದರೆ ‘ಬಂದವರಿಗೆ ಕೂಲಿ, ಬಾರದವರಿಗೆ ಇಲ್ಲ’ ಎಂಬ ರೂಢಿ ಇರುವ ಕಡೆ 700 ಕೊಟ್ಟು ಕಳಿಸುತ್ತಾರೆ. ಡ್ಯೂಟಿಗಳನ್ನು ಎಣಿಸಿ ಸಂಬಳ ಕೊಡುವ ಸೆಕ್ಯುರಿಟಿ ಕೆಲಸದಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಮೂವತ್ತು ಡ್ಯೂಟಿ ಮಾಡಿದವನಿಗೆ ಮೂವತ್ತು ಡ್ಯೂಟಿಯ ದುಡ್ಡು ಸಿಕ್ಕಿರುತ್ತದೆ. ಅದರಲ್ಲೊಂದು ಆಗಸ್ಟ್ 15ರದ್ದು ಎನ್ನುವುದು ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಈ ಲೆಕ್ಕವನ್ನು ಸ್ವಲ್ಪ ಕೆದಕಿದರೆ ಒಂದು ಕಹಿ ಸತ್ಯ ಸಿಗುತ್ತದೆ. ಡಬಲ್ ಎನ್ನುವ ಆ 1,400ರಲ್ಲಿ ಮೊದಲ 700 ರಜೆಯ ಸಂಬಳ, ಮನೆಯಲ್ಲಿ ಮಲಗಿದ್ದರೂ ಬರುತ್ತಿತ್ತು. ಎರಡನೆಯ 700 ಆ ದಿನದ ದುಡಿಮೆಗೆ, ಅದೂ ಮಾಮೂಲಿ ದರದಲ್ಲಿ. ಹಬ್ಬದ ದಿನ ಮನೆಮಂದಿಯನ್ನು ಬಿಟ್ಟು ಬಂದದ್ದಕ್ಕೆಂದು ಒಂದು ಪೈಸೆಯೂ ಅದರಲ್ಲಿಲ್ಲ. ಓವರ್‌ಟೈಮ್ ಹಾಗಲ್ಲ. ಇದೇ ಭಟ್ಟರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದರೆ ಗಂಟೆಗೆ 87 ರೂಪಾಯಿ 50 ಪೈಸೆ. ಕೆಲಸದ ಮಿತಿ ಮೀರಿದ ಒಂದೊಂದು ಗಂಟೆಗೂ ಕಾನೂನಿನ ಪ್ರಕಾರ 175 ಬರಬೇಕು. ಅಲ್ಲಿ ನಿಜವಾಗಿಯೇ ದರ ಇಮ್ಮಡಿ. ಹಾಗಾಗಿ ‘ರಜೆ ದಿನ ಡಬಲ್ ಕೊಡುತ್ತೇವಲ್ಲ’ ಎಂದು ಉಪಕಾರ ಮಾಡಿದವರ ಹಾಗೆ ಹೇಳುವುದನ್ನು ಕೇಳಿದರೆ ನಗು ಬರಬೇಕು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ರೂಪಾಯಿ ಲೆಕ್ಕದಲ್ಲಿ ಎರಡೂ ದಾರಿ ಸಮ, ಒಂದು ದಿನದ ಕೆಲಸಕ್ಕೆ ಒಂದು ದಿನದ ಬೆಲೆ. ಹಾಗಿದ್ದಮೇಲೆ ಯಾವುದು ಒಳ್ಳೆಯದು ಎನ್ನುವುದು ಅವರವರ ಬದುಕಿಗೆ ಬಿಟ್ಟದ್ದು. ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಮೇಲಿನ ರೂಮಿನಲ್ಲೇ ಮಲಗುವ ಹುಡುಗನಿಗೆ ಬಿಡಿ ರಜೆಯಿಂದ ಏನೂ ಉಪಯೋಗವಿಲ್ಲ. ಅಂಥ ನಾಲ್ಕು ದಿನ ಒಟ್ಟುಗೂಡಿದರೆ ಊರಿನ ಜಾತ್ರೆಗೆ ಹೋಗಿಬರಬಹುದು. ಮಗುವಿನ ಸ್ಕೂಲ್ ಫೀಸ್ ಕಟ್ಟಬೇಕಾದ ಕ್ಯಾಷಿಯರಮ್ಮನಿಗೆ ಈ ತಿಂಗಳೇ 700 ಬೇಕು. ಆಯ್ಕೆ ಕೆಲಸಗಾರನದೇ ಆಗಿರಲಿ ಎಂದು ಕಾನೂನು ಹೇಳಿದ್ದರಲ್ಲಿ ಅರ್ಥವಿದೆ.

ಆದರೆ ದುಡ್ಡು ಸಂಬಳದ ಚೀಟಿಯಲ್ಲಿ ಕಾಣುತ್ತದೆ, ಕಾಂಪ್ ಆಫ್ ಕಾಣುವುದಿಲ್ಲ. ತೊಂದರೆ ಇರುವುದು ಇಲ್ಲೇ. ಯಾವಾಗ ಕೇಳಿದರೂ ‘ಈ ವಾರ ಜನ ಇಲ್ಲ, ಮುಂದಿನ ವಾರ ನೋಡೋಣ’. ಹೀಗೆ ಮುಂದೂಡುತ್ತಿರುವಾಗ ಕಂಪನಿಯ ಸಾಫ್ಟ್‌ವೇರ್‌ನಲ್ಲಿ 60 ದಿನವೋ 90 ದಿನವೋ ಮುಗಿದು ಆ ರಜೆ ತಾನಾಗಿ ಅಳಿಸಿಹೋಗುತ್ತದೆ. ಎಚ್‌ಆರ್‌ನವರು ಇದಕ್ಕೆ ‘ಲ್ಯಾಪ್ಸ್ ಆಯ್ತು’ ಎನ್ನುತ್ತಾರೆ. ಆದರೆ ಆ ರಜೆ ಕೆಲಸಗಾರ ದುಡಿದು ಗಳಿಸಿದ್ದು. ಅದು ಸಿಗದೇ ಹೋದರೆ ಭಟ್ಟರು ನವೆಂಬರ್ 1ರಂದು ಬಿಟ್ಟಿ ಕೆಲಸ ಮಾಡಿದಂತೆ. ರಜೆ ಕೊಡಲಾಗದಿದ್ದರೆ ದುಡ್ಡು ಕೊಡಿ ಎಂದು ಕೇಳುವುದು ನ್ಯಾಯವಾದದ್ದು. ಕೆಲಸ ಬಿಟ್ಟು ಹೋಗುವಾಗ ಮಾಡುವ ಕೊನೆಯ ಲೆಕ್ಕದಲ್ಲೂ ಈ ಬಾಕಿಯನ್ನು ಸೇರಿಸಿ ಕೇಳಬೇಕು.

ವಾರದ ರಜೆಯ ಕಾಂಪ್ ಆಫನ್ನು ಇದರ ಜೊತೆ ಬೆರೆಸಬಾರದು. ಹೆಸರು ಒಂದೇ, ಜಾತಿ ಬೇರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಭಾನುವಾರ ಕೆಲಸ ಮಾಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಬದಲಿ ರಜೆ ಕೊಡಬೇಕಿತ್ತು. ಒಂದೂ ಪೂರ್ತಿ ರಜೆಯಿಲ್ಲದೆ ಹತ್ತು ದಿನ ಮೀರಿ ದುಡಿಸುವಂತಿರಲಿಲ್ಲ. ಅಲ್ಲಿ ದುಡ್ಡು ತೆಗೆದುಕೊಂಡು ಬಿಟ್ಟುಬಿಡುವ ದಾರಿಯನ್ನು ಇಟ್ಟಿರಲಿಲ್ಲ. ವಾರದ ರಜೆ ಇರುವುದು ಮೈ ದಣಿವಾರಿಸಿಕೊಳ್ಳಲು, ದಣಿದ ಮೈಯನ್ನು 700 ರೂಪಾಯಿ ಎಬ್ಬಿಸಿ ನಿಲ್ಲಿಸುವುದಿಲ್ಲ. ಹಬ್ಬದ ರಜೆಯ ಉದ್ದೇಶ ಬೇರೆಯಾದ್ದರಿಂದಲೇ ಅದನ್ನು ದುಡ್ಡಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ.

ಇನ್ನೊಂದು ಸಣ್ಣ ಜಾಗದಲ್ಲಿ ದುಡ್ಡು ಸೋರುತ್ತದೆ: ಭಾಗಿಸುವ ಸಂಖ್ಯೆ. 18,200ನ್ನು 26ರ ಬದಲು 30ರಿಂದ ಭಾಗಿಸಿದರೆ ದಿನದ ಕೂಲಿ ಸುಮಾರು 607ಕ್ಕೆ ಇಳಿಯುತ್ತದೆ. ಒಂದೊಂದು ರಜೆ ದಿನದ ಕೆಲಸಕ್ಕೂ 93 ರೂಪಾಯಿ ಖೋತಾ. ಗ್ರಾಚುಟಿ ಲೆಕ್ಕದಲ್ಲಿ ತಿಂಗಳಿಗೆ 26 ದಿನ ಹಿಡಿಯಬೇಕೆಂದು ಕಾನೂನೇ ಹೇಳಿದೆ. ಗೈರುಹಾಜರಿಗೆ ಸಂಬಳ ಕತ್ತರಿಸುವಾಗ 26, ಕೊಡುವಾಗ 30 ಎನ್ನುವ ಚಾಲಾಕಿತನ ಕಂಡರೆ ಪ್ರಶ್ನಿಸಲೇಬೇಕು.

ಕೆಲಸಗಾರ ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ದುಡ್ಡೋ ರಜೆಯೋ ಎನ್ನುವುದನ್ನು ಬಾಯಿಮಾತಿನಲ್ಲಿ ಬಿಡದೆ ಅದೇ ವಾರ ಒಂದು ಮೆಸೇಜಿನಲ್ಲೋ ಚೀಟಿಯಲ್ಲೋ ಬರೆದು ಕೊಡಬೇಕು. ರಜೆ ಎಂದಿದ್ದರೆ ಯಾವ ರಜೆಗೆ ಬದಲಾಗಿ ಯಾವ ದಿನ ಎನ್ನುವುದನ್ನೂ ಬರೆಯಬೇಕು. ‘ನವೆಂಬರ್ 1ರ ಬದಲು ನವೆಂಬರ್ 18’ ಎಂದು ತಾರೀಕು ಬಿದ್ದ ಕಾಂಪ್ ಆಫನ್ನು ಅಳಿಸುವುದು ಕಷ್ಟ. ಲೇಬರ್ ಇನ್‌ಸ್ಪೆಕ್ಟರ್ ಮುಂದೆ ದೂರು ಹೋದಾಗ ಮೊದಲು ಕೆಲಸಕ್ಕೆ ಬರುವುದು ಹಾಜರಿ ಪುಸ್ತಕ ಮತ್ತು ಸಂಬಳದ ಚೀಟಿ. ಒಂದರಲ್ಲಿ ರಜೆ ದಿನದ ಹಾಜರಿ ಇದ್ದು, ಇನ್ನೊಂದರಲ್ಲಿ ಅದರ ದುಡ್ಡೂ ಇಲ್ಲ, ಮುಂದಿನ ತಿಂಗಳುಗಳಲ್ಲಿ ಬದಲಿ ರಜೆಯೂ ಇಲ್ಲ ಎಂದರೆ ಉತ್ತರ ಹೇಳಬೇಕಾದ ಸರದಿ ಮಾಲೀಕರದು.