ಕೆನ್ನೆಯ ಗೆರೆ ಎಲ್ಲಿ ನಿಲ್ಲಬೇಕು?

ದಟ್ಟವಾಗಿ ಬೆಳೆದ ಗಡ್ಡದಲ್ಲಿ ಕೆನ್ನೆಯ ಗೆರೆ ಬಹುಮಟ್ಟಿಗೆ ಆಗಲೇ ಇರುತ್ತದೆ: ಕೂದಲು ಒತ್ತಾಗಲು ಶುರುವಾಗುವ ಅಂಚೇ ಅದು. ಒಣಗಿದ ಗಡ್ಡವನ್ನು ಕೆಳಮುಖವಾಗಿ ಬಾಚಿದರೆ ಅಂಚು ನಿಚ್ಚಳವಾಗುತ್ತದೆ. ಒದ್ದೆ ಕೂದಲು ಅಂಟಿಕೊಂಡು ಕಣ್ಣಿಗೆ ಮೋಸ ಮಾಡುತ್ತದೆ. ಕಿವಿಯ ಮುಂದಿನ ಕೂದಲಿನಿಂದ ಮೀಸೆಯ ತುದಿಯವರೆಗೆ ತುಸು ಬಾಗಿದ ರೇಖೆಯನ್ನು ಊಹಿಸಿಕೊಂಡು, ಅದರ ಮೇಲಿನ ಬಿಡಿ ಕೂದಲನ್ನಷ್ಟೇ ಟ್ರಿಮ್ಮರ್‌ನಿಂದ ತೆಗೆಯಬೇಕು.

ಹೆಚ್ಚಿನವರು ಎಡವುವುದು ಎರಡು ಕೆನ್ನೆಗಳನ್ನು ಸಮ ಮಾಡಲು ಹೋದಾಗ. ಬಲಗಡೆ 2 ಮಿಲಿಮೀಟರ್ ಇಳಿಯಿತೆಂದು ಎಡಗಡೆ 3 ಇಳಿಸಿ, ಮತ್ತೆ ಬಲಕ್ಕೆ ಬಂದರೆ ಗೆರೆ ದವಡೆಯತ್ತ ಜಾರುತ್ತಲೇ ಹೋಗುತ್ತದೆ. ಆದ್ದರಿಂದ ಸಹಜವಾಗಿಯೇ ತಗ್ಗಾಗಿರುವ ಕೆನ್ನೆಯನ್ನು ಮುಟ್ಟದೆ, ಇನ್ನೊಂದನ್ನು ಅದಕ್ಕೆ ಹೊಂದಿಸುವುದು ಲೇಸು. ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದಾಗ ವ್ಯತ್ಯಾಸ ಕಾಣದಿದ್ದರೆ ಅಲ್ಲಿಗೆ ಟ್ರಿಮ್ಮರ್ ಕೆಳಗಿಡಬೇಕು. ಕೂದಲೆಳೆಯಷ್ಟು ಅಂತರ ಎಲ್ಲರ ಮುಖದಲ್ಲೂ ಇರುತ್ತದೆ.